ಬೇಸ್‌ಮೆಂಟ್ ರಾಫ್ಟ್ ಕೆಳಗೆ ಯಾವ ಮೆಂಬ್ರೇನ್ ಹಾಕಬೇಕು? ಟಾರ್ಚ್‌ನಲ್ಲಿ ಅಂಟಿಸುವುದೋ, ಕಾಂಕ್ರೀಟಿಗೆ ಬೆಸೆದುಕೊಳ್ಳುವುದೋ

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಳೆಗಾಲಕ್ಕೇ ಲಿಫ್ಟ್ ಗುಂಡಿಯೊಳಗೆ ಮೊಣಕಾಲುದ್ದ ನೀರು ನಿಂತಿತು. ರಾಫ್ಟ್, ಅಂದರೆ ಇಡೀ ಕಟ್ಟಡವನ್ನು ಹೊರುವ ದಪ್ಪ ಕಾಂಕ್ರೀಟ್ ತಳದ ಕೆಳಗೆ, ನೀರು ತಡೆಯಲು ನಾಲ್ಕು ಮಿಲಿಮೀಟರಿನ ಎಪಿಪಿ ಮೆಂಬ್ರೇನ್ ಹಾಕಿದ್ದೆವು, ಅದರ ಬಿಲ್ಲೂ ಇತ್ತು, ಫೋಟೋಗಳೂ ಇದ್ದವು. ಗುಂಡಿಯ ಮೂಲೆಯಲ್ಲಿ ಬಿರುಕು ತುಂಬುವ ಗ್ರೌಟ್ ಹೊಡೆಸಿದೆವು. ಅಲ್ಲಿ ನಿಂತಿತು, ಹದಿನೈದು ದಿನಕ್ಕೆ ಏಳು ಮೀಟರ್ ಆಚೆ ಒಂದು ಕಾಲಂ ಬುಡದಲ್ಲಿ ನೆಲ ಒದ್ದೆಯಾಯಿತು. ಅಲ್ಲೂ ಗ್ರೌಟ್ ಹೊಡೆಸಿದೆವು, ನೀರು ರ‍್ಯಾಂಪ್ ಹತ್ತಿರದ ಜಾಯಿಂಟಿಗೆ ಹೋಯಿತು. ಮೆಂಬ್ರೇನ್ ತೂತಾಗಿದ್ದು ಎಲ್ಲಿ ಅಂತ ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಆಮೇಲೆ ಇನ್ನೊಂದು ಸೈಟಿಗೆ ಮೆಂಬ್ರೇನ್ ಆರಿಸಬೇಕಾದಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಬೇರೆ. ಯಾವುದು ಗಟ್ಟಿ, ಯಾವುದು ದಪ್ಪ ಅನ್ನುವುದನ್ನು ಆಮೇಲೆ ನೋಡಿದೆ. ಇದರಲ್ಲಿ ಒಂದು ತೂತು ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಹುಡುಕಿ ಸರಿಮಾಡಲು ಆಗುತ್ತದಾ ಅಂತ ಮೊದಲು ಕೇಳಿದೆ. ರಾಫ್ಟ್ ಬಿದ್ದ ಮೇಲೆ ಕೆಳಗೆ ಯಾರೂ ಹೋಗಲಾಗುವುದಿಲ್ಲ, ಅಲ್ವಾ? ಹಾಗಾಗಿ ಇದೇ ಮುಖ್ಯ.

ಎರಡರ ನಡುವಿನ ನಿಜವಾದ ವ್ಯತ್ಯಾಸ

ಎಪಿಪಿ ಅಂದರೆ ಪಾಲಿಮರ್ ಬೆರೆಸಿದ ಬಿಟುಮೆನ್ ಹಾಳೆ, ಒಳಗೆ ಪಾಲಿಯೆಸ್ಟರ್ ಬಟ್ಟೆ ಇರುತ್ತದೆ. ಮೊದಲು ಪಿಸಿಸಿ, ಅಂದರೆ ಕಂಬಿಯಿಲ್ಲದ ಕಾಂಕ್ರೀಟ್ ಹಾಸು, ಅದರ ಮೇಲೆ ಪ್ರೈಮರ್, ಅದರ ಮೇಲೆ ಗ್ಯಾಸ್ ಟಾರ್ಚಿನಿಂದ ಕರಗಿಸಿ ಅಂಟಿಸಿದ ಹಾಳೆ. ಕಂಬಿ ಕಟ್ಟುವವರ ಓಡಾಟಕ್ಕೆ ಅದು ಹರಿಯದಿರಲಿ ಅಂತ ಮೇಲೆ ಜಿಯೋಟೆಕ್ಸ್‌ಟೈಲ್ ಹಾಸಿ ಐವತ್ತು ಮಿಲಿಮೀಟರ್ ಸ್ಕ್ರೀಡ್, ಅಂದರೆ ತೆಳು ಕಾಂಕ್ರೀಟ್ ಪದರ, ಹಾಕುತ್ತಾರೆ. ರಾಫ್ಟ್ ಕೂರುವುದು ಆ ಸ್ಕ್ರೀಡ್ ಮೇಲೆ. ಅಂದರೆ ಮೆಂಬ್ರೇನ್ ಅಂಟಿಕೊಂಡಿರುವುದು ಕೆಳಗಿನ ಪಿಸಿಸಿಗೆ, ಮೇಲಿನ ರಾಫ್ಟಿಗೆ ಅಲ್ಲ. ಒಂದು ತೂತಿನಿಂದ ನೀರು ಮೇಲೆ ಬಂದರೆ ಸ್ಕ್ರೀಡ್ ಮತ್ತು ರಾಫ್ಟ್ ನಡುವಿನ ಸಂದಿಯಲ್ಲಿ ಎಷ್ಟು ದೂರ ಬೇಕಾದರೂ ಹರಿದು, ರಾಫ್ಟಿನಲ್ಲಿ ಎಲ್ಲಿ ಬಿರುಕೋ ಜಾಯಿಂಟೋ ಸಿಗುತ್ತದೋ ಅಲ್ಲಿ ಮೇಲೇಳುತ್ತದೆ. ನಮ್ಮ ಲಿಫ್ಟ್ ಗುಂಡಿಯ ಕಥೆ ಇದೇ. ಇನ್ನೊಂದು ವಿಷಯವೂ ಇದೆ. ಕೆಳಗಿನ ಮಣ್ಣು ಸ್ವಲ್ಪ ಕುಸಿದು ಪಿಸಿಸಿ ಒಡೆದು ಇಳಿದರೆ, ಅದಕ್ಕೆ ಅಂಟಿದ ಮೆಂಬ್ರೇನನ್ನೂ ಅದು ತನ್ನ ಜೊತೆಗೇ ಎಳೆಯುತ್ತದೆ.

ಪ್ರಿ-ಅಪ್ಲೈಡ್ ಅನ್ನುವ ಎಚ್‌ಡಿಪಿಇ ಮೆಂಬ್ರೇನ್ ಇದಕ್ಕೆ ತದ್ವಿರುದ್ಧ. ಪ್ಲಾಸ್ಟಿಕ್ ಮುಖ ಕೆಳಗೆ, ಅಂಟಿನ ಮುಖ ಮೇಲೆ. ಪಿಸಿಸಿ ಮೇಲೆ ಸುಮ್ನೆ ಹಾಸುತ್ತಾರೆ, ಅದಕ್ಕೆ ಅಂಟಿಸುವುದಿಲ್ಲ. ಮೇಲೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದಾಗ ಹಸಿ ಕಾಂಕ್ರೀಟ್ ಆ ಅಂಟಿಗೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಮೆಂಬ್ರೇನ್ ರಾಫ್ಟಿನ ಹೊಟ್ಟೆಗೆ ಅಂಟಿದ ಚರ್ಮದ ಹಾಗೆ ಇರುತ್ತದೆ. ಮಣ್ಣು ಕುಸಿದರೂ ಅದು ರಾಫ್ಟಿನ ಜೊತೆಗೇ ಉಳಿಯುತ್ತದೆ. ಒಂದು ಕಡೆ ತೂತಾದರೆ ನೀರಿಗೆ ಪಕ್ಕಕ್ಕೆ ಹರಿಯಲು ಸಂದಿ ಇಲ್ಲ. ಅಲ್ಲೇ ನೇರ ಮೇಲೆ ಬಿರುಕಿದ್ದರೆ ಮಾತ್ರ ಒಳಗೆ ಬರುತ್ತದೆ, ಹಾಗೆ ಬಂದರೆ ತೂತು ಅಲ್ಲೇ ಇದೆ ಅಂತ ಗೊತ್ತಾಗುತ್ತದೆ.

ಮೂರನೆಯದು ಪಿವಿಸಿ ಹಾಳೆ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರ್. ಅದನ್ನು ಯಾವುದಕ್ಕೂ ಅಂಟಿಸದೆ, ಕೆಳಗೂ ಮೇಲೂ ಜಿಯೋಟೆಕ್ಸ್‌ಟೈಲ್ ಇಟ್ಟು, ಬಿಸಿಗಾಳಿ ಮಿಷನ್ನಿನಿಂದ ಜೋಡು ವೆಲ್ಡ್ ಮಾಡುತ್ತಾರೆ. ಎರಡು ವೆಲ್ಡ್ ನಡುವಿನ ಕಾಲುವೆಗೆ ಎರಡು ಬಾರ್ ಆಸುಪಾಸು ಗಾಳಿ ತುಂಬಿ ಹತ್ತು ನಿಮಿಷ ಗೇಜ್ ನೋಡಿದರೆ ಜೋಡಣೆ ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಈ ಪರೀಕ್ಷೆ ಉಳಿದೆರಡರಲ್ಲಿ ಇಲ್ಲ, ಅದು ಪಿವಿಸಿಯ ದೊಡ್ಡ ಅನುಕೂಲ. ಆದರೆ ಅಂಟದ ಹಾಳೆಯಾದ್ದರಿಂದ ನೀರು ಹರಿದಾಡದ ಹಾಗೆ ವಾಟರ್‌ಬಾರ್ ವೆಲ್ಡ್ ಮಾಡಿ ನೂರು ನೂರೈವತ್ತು ಚದರ ಮೀಟರಿನ ಕೋಣೆಗಳಾಗಿ ಭಾಗ ಮಾಡಬೇಕು, ಪ್ರತಿ ಕೋಣೆಗೂ ಇಂಜೆಕ್ಷನ್ ಪೈಪ್ ಬಿಡಬೇಕು. ಮೆಟ್ರೋ ಸ್ಟೇಷನ್ನಿನಂಥ ದೊಡ್ಡ ಕೆಲಸಕ್ಕೆ, ನುರಿತ ವೆಲ್ಡರ್‌ಗಳು ಇದ್ದಾಗ ಇದು ಸರಿ. ಇನ್ನೂರು ಚದರ ಮೀಟರಿನ ಬೇಸ್‌ಮೆಂಟಿಗೆ ಇಷ್ಟೆಲ್ಲ ಸಾಮಗ್ರಿ, ಜನ ಹೊಂದಿಸುವುದು ಕಷ್ಟ. ಹಾಗಾಗಿ ಮುಂದೆ ಮೊದಲ ಎರಡರ ಬಗ್ಗೆಯೇ ಬರೆಯುತ್ತೇನೆ.

ನಾವು ಹೇಗೆ ಆರಿಸಿದೆವು

ಎರಡನೇ ಸೈಟ್ ಒಂದು ಕೆರೆ ಕೋಡಿಯ ಕೆಳಗಿತ್ತು. ರಾಫ್ಟ್ ಮೂವತ್ತು ಮೀಟರ್ ಉದ್ದ, ಹದಿನೆಂಟು ಅಗಲ, ಆರುನೂರು ಮಿಲಿಮೀಟರ್ ದಪ್ಪ. ಎರಡು ಬೇಸ್‌ಮೆಂಟ್, ರಾಫ್ಟಿನ ತಳ ನೆಲಮಟ್ಟದಿಂದ ಏಳು ಮೀಟರ್ ಕೆಳಗೆ. ಮಣ್ಣಿನ ಪರೀಕ್ಷೆ ಮಾರ್ಚ್‌ನಲ್ಲಿ ಆಗಿತ್ತು, ಅದರಲ್ಲಿ ನೀರು ಸಿಕ್ಕಿಲ್ಲ ಅಂತ ಬರೆದಿತ್ತು. ಅದನ್ನೇ ನಂಬಿದ್ದರೆ ಎಪಿಪಿ ಹಾಕಿ ಮುಗಿಸುತ್ತಿದ್ದೆವು. ಪಕ್ಕದ ಮನೆಯವರ ಹಳೇ ತೆರೆದ ಬಾವಿಗೆ ಅಕ್ಟೋಬರ್‌ನಲ್ಲಿ ಹಗ್ಗ ಇಳಿಸಿ ನೋಡಿದೆವು. ನೀರು ನೆಲದಿಂದ ನಾಲ್ಕೇ ಮೀಟರ್ ಕೆಳಗಿತ್ತು.

ಅಂದರೆ ರಾಫ್ಟಿನ ತಳದ ಮೇಲೆ ಮೂರು ಮೀಟರ್ ನೀರು. ಪ್ರತಿ ಚದರ ಮೀಟರಿಗೆ ಮೂರು ಟನ್ ಮೇಲಕ್ಕೆ ಒತ್ತುತ್ತದೆ. ಇಂಥ ಒತ್ತಡದಲ್ಲಿ ಮೊಳೆಯಷ್ಟು ತೂತೂ ಸುಮ್ಮನಿರುವುದಿಲ್ಲ. ಜೊತೆಗೆ ಕೆಲಸ ಮಳೆಗಾಲದಲ್ಲೇ ಬರುವುದಿತ್ತು. ಎಪಿಪಿಗೆ ಪಿಸಿಸಿ ಒಣಗಿರಲೇಬೇಕು. ಈ ಎರಡು ಕಾರಣಕ್ಕೆ ಪ್ರಿ-ಅಪ್ಲೈಡ್ ಆರಿಸಿದೆವು.

ನಮಗೆ ಬಂದ ಕೊಟೇಶನ್ನಿನಲ್ಲಿ ಅದರ ದರ ಎಪಿಪಿಯ ಎರಡರಷ್ಟರ ಹತ್ತಿರ ಇತ್ತು. ಆದರೆ ಬರೀ ಹಾಳೆಯ ದರ ಹೋಲಿಸಬೇಡಿ. ಎಪಿಪಿಗೆ ಪ್ರೈಮರ್, ಜಿಯೋಟೆಕ್ಸ್‌ಟೈಲ್, ಸ್ಕ್ರೀಡ್ ಎಲ್ಲ ಸೇರುತ್ತದೆ. 540 ಚದರ ಮೀಟರಿಗೆ ಐವತ್ತು ಮಿಲಿಮೀಟರ್ ಸ್ಕ್ರೀಡ್ ಅಂದರೆ 27 ಘನ ಮೀಟರ್ ಕಾಂಕ್ರೀಟ್, ಅದರ ಕ್ಯೂರಿಂಗ್, ಅಷ್ಟೂ ದಿನ ಪಂಪಿನ ಡೀಸೆಲ್. ಇವೆಲ್ಲ ಕೂಡಿಸಿದ ಮೇಲೂ ಪ್ರಿ-ಅಪ್ಲೈಡ್ ದುಬಾರಿಯೇ, ಆದರೆ ಮೊದಲು ಕಂಡಷ್ಟು ಅಲ್ಲ.

ಒಂದೇ ಬೇಸ್‌ಮೆಂಟ್ ಇದ್ದು, ಮಳೆಗಾಲದಲ್ಲೂ ನೀರಿನ ಮಟ್ಟ ರಾಫ್ಟಿಗಿಂತ ಕೆಳಗೇ ಉಳಿದು, ಬರುವುದು ಬರೀ ಮಣ್ಣಿನ ತೇವ ಅಂತಾದರೆ, ಜೊತೆಗೆ ಬೇಸಿಗೆಯಲ್ಲಿ ಕೆಲಸ ಮುಗಿಯುವಂತಿದ್ದರೆ, ನಾನು ಈಗಲೂ ಎಪಿಪಿಯನ್ನೇ ಹೇಳುತ್ತೇನೆ. ಟಾರ್ಚ್ ಹಿಡಿಯಲು ಬರುವ ಜನ ಎಲ್ಲ ಊರಲ್ಲೂ ಸಿಗುತ್ತಾರೆ, ಸ್ಕ್ರೀಡ್ ಬಿದ್ದ ಮೇಲೆ ಕಂಬಿ ಕೆಲಸದವರಿಂದ ಮೆಂಬ್ರೇನಿಗೆ ಭಯವೂ ಕಡಿಮೆ.

ಕೆಲಸದ ಕ್ರಮ: ಪಿಸಿಸಿವರೆಗೆ ಎರಡಕ್ಕೂ ಬಹುತೇಕ ಒಂದೇ

ಮೊದಲು ನೀರು. ಗುಂಡಿಯ ಮೂಲೆಗಳಲ್ಲಿ ಸಂಪ್ ತೋಡಿ, ನೀರಿನ ಮಟ್ಟ ಪಿಸಿಸಿಯ ತಳಕ್ಕಿಂತ ಅರ್ಧ ಮೀಟರಾದರೂ ಕೆಳಗಿರುವಂತೆ ಪಂಪ್ ಓಡುತ್ತಲೇ ಇರಬೇಕು. ಒಂದು ಪಂಪ್ ಕೈಕೊಟ್ಟರೆ ಇನ್ನೊಂದು ಸಿದ್ಧವಿರಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು. ಈ ಪಂಪನ್ನು ಯಾವಾಗ ನಿಲ್ಲಿಸಬಹುದು ಅನ್ನುವುದನ್ನೂ ಈಗಲೇ ಬರೆದಿಡಿ. ನಮ್ಮ ಲೆಕ್ಕವೇ ನೋಡಿ: ಆರುನೂರು ಮಿಲಿಮೀಟರ್ ರಾಫ್ಟಿನ ತೂಕ ಚದರ ಮೀಟರಿಗೆ ಒಂದೂವರೆ ಟನ್, ಕೆಳಗಿನ ನೀರು ಒತ್ತುವುದು ಮೂರು ಟನ್. ರಾಫ್ಟ್ ಬಿತ್ತು ಅಂತ ಪಂಪ್ ನಿಲ್ಲಿಸಿದರೆ ನೀರೇ ಅದನ್ನು ಎತ್ತುತ್ತದೆ. ಮೇಲೆ ಸಾಕಷ್ಟು ಸ್ಲ್ಯಾಬುಗಳ ಭಾರ ಕೂತ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಬರಹದಲ್ಲಿ ಒಪ್ಪಿಗೆ ಕೊಟ್ಟಾಗಲೇ ನಿಲ್ಲಿಸಬೇಕು.

ಮಣ್ಣು ಗಟ್ಟಿ ಮಾಡಿ ನೂರು ಮಿಲಿಮೀಟರ್ ಪಿಸಿಸಿ ಹಾಕಿ. ಅದು ರಾಫ್ಟಿನ ಅಂಚಿಗಿಂತ ಮುನ್ನೂರು ಮಿಲಿಮೀಟರಾದರೂ ಆಚೆ ಚಾಚಿರಲಿ, ಗೋಡೆಯ ಮೆಂಬ್ರೇನ್ ಜೋಡಿಸಲು ಅಷ್ಟು ಜಾಗ ಬೇಕು. ಮೇಲ್ಮೈಯನ್ನು ಕರಣೆಯಿಂದ ನಯ ಮಾಡಿಸಿ. ಚೂಪಾದ ಜಲ್ಲಿ, ತಂತಿ ತುಂಡು, ಹೆಜ್ಜೆ ಗುರುತಿನ ಅಂಚು ಏನೂ ಇರಬಾರದು. ನಾನು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಉದ್ದಕ್ಕೂ ನಡೆದು ನೋಡುತ್ತೇನೆ. ಕಾಲಿಗೆ ಚುಚ್ಚಿದ್ದು ಮೆಂಬ್ರೇನಿಗೂ ಚುಚ್ಚುತ್ತದೆ, ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಉಜ್ಜಿಸುತ್ತೇನೆ.

ಎಪಿಪಿಗೆ ಒಳಮೂಲೆಗಳಲ್ಲಿ ಐವತ್ತು ಮಿಲಿಮೀಟರಿನ ಗಾರೆ ಇಳಿಜಾರು ಕೊಡಬೇಕು, ಇಲ್ಲದಿದ್ದರೆ ಹಾಳೆ ಮೂಲೆಯಲ್ಲಿ ಟೊಳ್ಳಾಗಿ ನಿಲ್ಲುತ್ತದೆ. ಪಿಸಿಸಿ ಒಣಗಿದೆಯಾ ಅಂತ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಸಂಜೆಯಿಂದ ಮರುದಿನ ಬೆಳಗಿನವರೆಗೆ ಬಿಡಿ. ಹದಿನಾರು ಗಂಟೆ ಆದ ಮೇಲೆ ಎತ್ತಿದಾಗ ಕೆಳಗೆ ಬೆವರು ಹನಿ ಇದ್ದರೆ, ಪಿಸಿಸಿ ಕಪ್ಪಾಗಿದ್ದರೆ, ಅವತ್ತು ಟಾರ್ಚ್ ಹಚ್ಚಬೇಡಿ. ಪ್ರಿ-ಅಪ್ಲೈಡ್‌ಗೆ ಈ ತಾಪತ್ರಯ ಇಲ್ಲ. ಪಿಸಿಸಿ ತೇವವಿದ್ದರೂ ನಡೆಯುತ್ತದೆ, ನೀರು ನಿಂತಿರಬಾರದು ಅಷ್ಟೇ.

ಎಪಿಪಿ ಹಾಸುವಾಗ

ಪ್ರೈಮರ್ ಪೂರ್ತಿ ಒಣಗಿ ಬೆರಳಿಗೆ ಅಂಟದಂತಾದ ಮೇಲೆ ರೋಲ್ ಬಿಚ್ಚಿ. ಪಕ್ಕದ ಜೋಡಣೆಯಲ್ಲಿ ನೂರು ಮಿಲಿಮೀಟರ್, ತುದಿಯ ಜೋಡಣೆಯಲ್ಲಿ ನೂರೈವತ್ತು ಒಂದರ ಮೇಲೊಂದು ಬರಬೇಕು. ಪಕ್ಕಪಕ್ಕದ ರೋಲುಗಳ ತುದಿ ಒಂದೇ ಸಾಲಿಗೆ ಬರಬಾರದು. ಜೋಡಣೆ ಸರಿಯಾಗಿ ಬೆಂದಿದೆ ಅನ್ನುವುದಕ್ಕೆ ಗುರುತು ಅಂಚಿನುದ್ದಕ್ಕೂ ಕರಗಿ ಹೊರಬಂದ ಕಪ್ಪು ಗೆರೆ, ಐದರಿಂದ ಹತ್ತು ಮಿಲಿಮೀಟರ್ ಅಗಲ. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ಕರಣೆಯ ತುದಿ ಒಳಗೆ ಹೋಗುತ್ತದಾ ನೋಡಿ. ಹೋದರೆ ಮತ್ತೆ ಕಾಯಿಸಿ ಒತ್ತಬೇಕು. ಜಾಸ್ತಿ ಸುಟ್ಟರೂ ಕೆಡುತ್ತದೆ, ಒಳಗಿನ ಬಿಳಿ ಬಟ್ಟೆ ಕಾಣಿಸಿತು ಅಂದರೆ ಆ ಜಾಗಕ್ಕೆ ತೇಪೆ ಬೇಕೇ ಬೇಕು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಏಕೆಂದರೆ ನನ್ನ ಮೊದಲ ಸೈಟಿನಲ್ಲಿ ತಪ್ಪಿದ್ದು ಇಲ್ಲೇ ಅಂತ ನನಗೆ ಅನುಮಾನ. ಈ 540 ಚದರ ಮೀಟರಿಗೆ ಅಂಚಿನ ಮಡಿಕೆ, ಲಿಫ್ಟ್ ಗುಂಡಿಯ ಗೋಡೆ ಸೇರಿ 640 ಆಗುತ್ತದೆ ಅನ್ನಿ. ರೋಲ್ ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದ. ಸ್ಟೋರಿನವರು ಹತ್ತರಿಂದ ಭಾಗಿಸಿ 64 ರೋಲ್ ತರಿಸುತ್ತಾರೆ. ಆದರೆ ಜೋಡಣೆಗೆ ಹೋಗುವುದನ್ನು ಕಳೆದರೆ ಒಂದು ರೋಲ್ ಮುಚ್ಚುವುದು ಸುಮಾರು 8.9 ಚದರ ಮೀಟರ್ ಮಾತ್ರ. ತುಂಡು ವೇಸ್ಟ್ ಸೇರಿಸಿ 76 ರೋಲ್ ಬೇಕು. ಹನ್ನೆರಡು ರೋಲ್ ಕಡಿಮೆ ಬಿದ್ದರೆ ಕೆಲಸದವರು ಮಾಡುವುದು ಒಂದೇ, ನೂರರ ಜೋಡಣೆಯನ್ನು ಐವತ್ತಕ್ಕೆ ಇಳಿಸಿ ಇದ್ದದ್ದರಲ್ಲೇ ಹೊಂದಿಸುವುದು. ಹಾಗಾಗಿ ಕೆಲಸ ಶುರುವಾಗುವ ಮೊದಲು ರೋಲ್ ಎಣಿಸಿ, ಮುಗಿದ ಮೇಲೆ ಉಳಿದದ್ದನ್ನೂ ಎಣಿಸಿ.

ಹಾಸಿದ ಮರುದಿನವೇ ಜಿಯೋಟೆಕ್ಸ್‌ಟೈಲ್ ಹಾಕಿ ಸ್ಕ್ರೀಡ್ ಮುಚ್ಚಿಸಿ. ತೆರೆದ ಎಪಿಪಿ ಮೇಲೆ ಕಂಬಿ ಇಳಿಸಲು ಯಾರಿಗೂ ಬಿಡಬೇಡಿ. ರಾಫ್ಟಿನ ಆಚೆ ಚಾಚಿದ ತುದಿಗೆ ತೆಳು ಗಾರೆ ಮುಚ್ಚಿ ಇಡಬೇಕು, ಗೋಡೆಯ ಹಾಳೆ ಜೋಡಿಸುವ ದಿನ ಅದನ್ನು ಹುಷಾರಾಗಿ ಬಿಡಿಸಬೇಕು. ತಿಂಗಳುಗಟ್ಟಲೆ ಎಲ್ಲರ ಕಾಲಡಿ ಸಿಕ್ಕಿ ಹರಿಯುವುದು ಈ ತುದಿಯೇ.

ಪ್ರಿ-ಅಪ್ಲೈಡ್ ಹಾಸುವಾಗ

ಇದರಲ್ಲಿ ಬೆಂಕಿ ಇಲ್ಲ, ಪ್ರೈಮರ್ ಇಲ್ಲ, ನೋಡಲು ಚಾಪೆ ಹಾಸಿದಷ್ಟು ಸುಲಭ. ಅದಕ್ಕೇ ಜನ ಮೈಮರೆಯುತ್ತಾರೆ. ಪಕ್ಕದ ಜೋಡಣೆ 75 ಮಿಲಿಮೀಟರ್, ಅಂಚಿನ ಅಂಟಿನ ಮೇಲಿನ ಕಾಗದ ಎಳೆದು, ಒರೆಸಿ, ಭಾರದ ರೋಲರ್ ಉರುಳಿಸಬೇಕು. ತುದಿಗಳಿಗೆ ಮತ್ತು ಕತ್ತರಿಸಿದ ಕಡೆಗೆ ಅದೇ ಕಂಪನಿಯ ಟೇಪ್. ರಾಫ್ಟಿನ ಅಂಚಿನಲ್ಲಿ ಅರ್ಧ ಇಟ್ಟಿಗೆಯ ಗೋಡೆ ಕಟ್ಟಿ ಅದಕ್ಕೆ ಆನಿಸಿ ಮೆಂಬ್ರೇನನ್ನು ಮೇಲಕ್ಕೆ ತಿರುಗಿಸಿದರೆ ಸೆಂಟರಿಂಗ್ ಬಿಚ್ಚುವ ಗೋಜು ಇಲ್ಲ, ತುದಿಯೂ ಭದ್ರ.

ಈ ತರಹದ ಕೆಲವು ಮೆಂಬ್ರೇನಿನಲ್ಲಿ ಅಂಟಿನ ಮುಖದ ಮೇಲೆ ತೆಳುವಾದ ಪಾರದರ್ಶಕ ಫಿಲ್ಮ್ ಇರುತ್ತದೆ. ಕಾಂಕ್ರೀಟ್ ಸುರಿಯುವ ಮೊದಲು ಅದನ್ನು ಪೂರ್ತಿ ತೆಗೆಯಬೇಕು. ತೆಗೆಯದಿದ್ದರೆ ಕಾಂಕ್ರೀಟ್ ಕಚ್ಚಿಕೊಳ್ಳುವುದೇ ಇಲ್ಲ, ಎರಡರಷ್ಟು ಹಣ ಕೊಟ್ಟು ತಂದದ್ದು ಬರೀ ಪ್ಲಾಸ್ಟಿಕ್ ಹಾಳೆಯಾಗಿ ಉಳಿಯುತ್ತದೆ. ನಮ್ಮ ಸೈಟಿನಲ್ಲಿ ಇದು ಆಗಿಯೇ ಹೋಗುತ್ತಿತ್ತು. ಸಂಜೆ ಆರೂವರೆಗೆ, ಅರ್ಧದಷ್ಟು ಕೆಳಗಿನ ಕಂಬಿ ಕಟ್ಟಿಯಾಗಿತ್ತು, ಮೊಬೈಲ್ ಲೈಟನ್ನು ನೆಲಕ್ಕೆ ಸಮನಾಗಿ ಹಿಡಿದು ಕಂಬಿಗಳ ಕೆಳಗೆ ನೋಡಿದೆ. ಎಲ್ಲ ಕಡೆ ಮಂಕಾದ ಬಿಳುಪು, ಮೂರು ಪಟ್ಟೆ ಮಾತ್ರ ನೀರು ಚೆಲ್ಲಿದ ಹಾಗೆ ಹೊಳೆಯುತ್ತಿತ್ತು. ಬೆರಳಿಟ್ಟು ಕೆರೆದರೆ ಫಿಲ್ಮ್ ಎದ್ದು ಬಂತು. ಆ ಪಟ್ಟೆಗಳ ಮೇಲಿನ ಕಂಬಿ ಬಿಚ್ಚಿಸಿ, ಫಿಲ್ಮ್ ಎಳೆಸಿ, ಮತ್ತೆ ಕಟ್ಟಿಸಲು ಒಂದೂವರೆ ದಿನ ಹೋಯಿತು. ಮೇಸ್ತ್ರಿಗೆ ಬೇಸರವಾಯಿತು, ನನಗೂ ಆಯಿತು, ಆದರೆ ಬಿಡುವಂತಿರಲಿಲ್ಲ. ಅಲ್ಲಿಂದ ಮುಂದೆ ಎಳೆದ ಫಿಲ್ಮನ್ನೆಲ್ಲ ಎಸೆಯದೆ ಒಂದು ಕಡೆ ರಾಶಿ ಹಾಕಿಸಿ, ರೋಲಿನ ಲೆಕ್ಕಕ್ಕೆ ತಾಳೆ ನೋಡುವ ರೂಢಿ ಮಾಡಿದೆವು.

ಇದರ ಮೇಲೆ ಸ್ಕ್ರೀಡ್ ಹಾಕಬಾರದು. ಹಳೇ ರೂಢಿಯಲ್ಲಿ ಯಾರೋ ಹಾಕಿಸಿಬಿಡುತ್ತಾರೆ, ಆಗ ಮೆಂಬ್ರೇನ್ ಸ್ಕ್ರೀಡಿಗೆ ಅಂಟುತ್ತದೆಯೇ ಹೊರತು ರಾಫ್ಟಿಗೆ ಅಲ್ಲ, ಮತ್ತೆ ಎಪಿಪಿಯ ಸ್ಥಿತಿಯೇ. ಸ್ಕ್ರೀಡ್ ಇಲ್ಲದ್ದರಿಂದ ರಕ್ಷಣೆ ಅಂದರೆ ಶಿಸ್ತು ಮಾತ್ರ. ಕಂಬಿಯ ಕಟ್ಟನ್ನು ಎಳೆಯದೆ ಎತ್ತಿ ಇಡಬೇಕು. ಚಪ್ಪಟೆ ತಳದ ಕಾಂಕ್ರೀಟ್ ಕವರ್ ಬ್ಲಾಕ್ ಬಳಸಬೇಕು, ಕಂಬಿಯ ಚೇರ್ ಕಾಲುಗಳು ನೇರ ಮೆಂಬ್ರೇನ್ ಮೇಲೆ ನಿಲ್ಲಬಾರದು. ವೆಲ್ಡಿಂಗ್, ಗ್ಯಾಸ್ ಕಟಿಂಗ್ ಬೇಕಾದರೆ ಕೆಳಗೆ ಪ್ಲೈವುಡ್ ಇಡಬೇಕು. ಬಿಸಿಲಿಗೆ ಎಷ್ಟು ದಿನ ಬಿಡಬಹುದು ಅನ್ನುವುದು ಕಂಪನಿಯ ಡೇಟಾ ಶೀಟಿನಲ್ಲಿ ಇರುತ್ತದೆ, ಕಂಬಿ ಕೆಲಸದ ಅವಧಿ ಅದನ್ನು ಮೀರದಂತೆ ಮೊದಲೇ ನೋಡಿಕೊಳ್ಳಿ. ಹರಿದ ಕಡೆ ಸುತ್ತಲೂ ನೂರೈವತ್ತು ಮಿಲಿಮೀಟರ್ ಮೀರುವಷ್ಟು ತೇಪೆ ಹಾಕಿಸಿ. ಕೆಸರು ಕೂಡ ಹರಿದಷ್ಟೇ ಕೆಟ್ಟದ್ದು, ಏಕೆಂದರೆ ಕೆಸರು ಮೆತ್ತಿದಲ್ಲಿ ಕಾಂಕ್ರೀಟ್ ಕಚ್ಚುವುದು ಕೆಸರನ್ನೇ.

ನೀರು ನುಗ್ಗುವ ಜಾಗಗಳು

ಬಯಲಲ್ಲಿ ಹಾಸಿದ ಹಾಳೆ ಸೋರುವುದು ಕಡಿಮೆ. ಸೋರುವುದು ಲಿಫ್ಟ್ ಗುಂಡಿಯ ಮೂಲೆಗಳು, ನೀರೆತ್ತುವ ಸಂಪಿನ ಪೈಪ್, ರಾಫ್ಟ್ ಮತ್ತು ಗೋಡೆಯ ಜಾಯಿಂಟ್. ಇವುಗಳ ಡ್ರಾಯಿಂಗ್ ಬೇರೆಯಾಗಿ ಮಾಡಿಸಿ. ಸಂಪಿನ ಪೈಪಿಗೆ ರಾಫ್ಟಿನ ದಪ್ಪದ ಮಧ್ಯೆ ಬರುವಂತೆ ಪಡಲ್ ಫ್ಲೇಂಜ್ ಅನ್ನುವ ಉಕ್ಕಿನ ಬಳೆ ವೆಲ್ಡ್ ಮಾಡಿಸಿ, ಮೆಂಬ್ರೇನನ್ನು ಪೈಪಿಗೆ ಕ್ಲಾಂಪಿನಿಂದ ಬಿಗಿಸಿ. ಪಂಪ್ ತೆಗೆದ ದಿನ ಒಳಗೆ ಕುಗ್ಗದ ಗ್ರೌಟ್ ತುಂಬಿ ಮೇಲೆ ಉಕ್ಕಿನ ಮುಚ್ಚಳ ಬೋಲ್ಟ್ ಮಾಡಬೇಕು. ರಾಫ್ಟ್-ಗೋಡೆ ಜಾಯಿಂಟಿಗೆ ಮೆಂಬ್ರೇನ್ ಜೊತೆಗೆ ವಾಟರ್‌ಸ್ಟಾಪ್ ಅಥವಾ ನೀರಿಗೆ ಊದುವ ಪಟ್ಟಿ ಇರಲೇಬೇಕು. ಆ ಊದುವ ಪಟ್ಟಿಯನ್ನು ಗೋಡೆ ಕಾಂಕ್ರೀಟಿನ ಹಿಂದಿನ ದಿನವೇ ಅಂಟಿಸಿ, ವಾರ ಮೊದಲು ಅಂಟಿಸಿ ಮಳೆ ಬಂದರೆ ಅದು ಅಲ್ಲೇ ಊದಿ ಕೆಲಸಕ್ಕೆ ಬಾರದಂತಾಗುತ್ತದೆ.

ಎಲ್ಲಿ ಕೆಲಸ ನಿಲ್ಲಿಸಿ ನೋಡಬೇಕು

ಮೂರು ಕಡೆ ಸಹಿ ಆಗದೆ ಮುಂದೆ ಹೋಗಬಾರದು: ಪಿಸಿಸಿ ನೋಡಿದ ಮೇಲೆ, ಮೆಂಬ್ರೇನ್ ಮುಗಿದ ಮೇಲೆ, ಕಂಬಿ ಕಟ್ಟಿ ಕಾಂಕ್ರೀಟಿಗೆ ಮುಂಚೆ. ಎಪಿಪಿಯಲ್ಲಿ ಎರಡನೆಯದೇ ಕೊನೆಯ ಅವಕಾಶ, ಆಮೇಲೆ ಸ್ಕ್ರೀಡ್ ಮುಚ್ಚುತ್ತದೆ. ಪ್ರಿ-ಅಪ್ಲೈಡ್‌ನಲ್ಲಿ ಮೂರನೆಯದೇ ಅತಿ ಮುಖ್ಯ, ಕಂಬಿ ಕಟ್ಟುವಾಗ ಆದ ಗಾಯ ಕಾಣುವುದು ಆಗಲೇ. ನಾಲ್ಕು ಮೀಟರ್ ಚೌಕ ಚೌಕವಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ ಫೋಟೋ ತೆಗೆದು ನಂಬರ್ ಹಾಕಿ. ಮುಂದೆ ಎಲ್ಲಾದರೂ ಒದ್ದೆ ಕಂಡರೆ ಆ ಚೌಕದ ಫೋಟೋ ತೆಗೆದು ನೋಡಬಹುದು.

ಎಪಿಪಿ ಮೇಲೆ ಒಂದು ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡಿ ಅಂತ ಕೆಲವರು ಬರೆಸುತ್ತಾರೆ. ತಾರಸಿಯಲ್ಲಾದರೆ ಕೆಳಗಿನ ಸೀಲಿಂಗ್ ನೋಡಿ ಸೋರಿಕೆ ಹೇಳಬಹುದು. ಇಲ್ಲಿ ಕೆಳಗೆ ಮಣ್ಣು, ನೋಡುವುದು ಎಲ್ಲಿ? ಮಟ್ಟ ಇಳಿದದ್ದು ಬಿಸಿಲಿಗೋ ಸೋರಿಕೆಗೋ ಹೇಳಲಾಗುವುದಿಲ್ಲ. ಅಷ್ಟು ಸಮಯವನ್ನು ಪ್ರತಿ ಜೋಡಣೆಯ ಉದ್ದಕ್ಕೂ ಕರಣೆ ಎಳೆದು ನೋಡಲು ಕೊಡುವುದು ಮೇಲು.

ಪ್ರಿ-ಅಪ್ಲೈಡ್‌ಗೆ ನಾವು ಮಾಡಿದ ಪರೀಕ್ಷೆ ಇದು. ಒಂದಡಿ ಚೌಕದ ತುಂಡುಗಳನ್ನು ಮರದ ಪೆಟ್ಟಿಗೆಯ ತಳಕ್ಕೆ ಹಾಸಿ, ರಾಫ್ಟಿಗೆ ಬಂದ ಅದೇ ಕಾಂಕ್ರೀಟನ್ನು ಸುರಿದೆವು. ಒಂದರಲ್ಲಿ ಮೆಂಬ್ರೇನ್ ಶುಭ್ರ, ಇನ್ನೊಂದರಲ್ಲಿ ಬೇಕೆಂದೇ ಕೆಸರು ಸವರಿದ್ದು. ಇಪ್ಪತ್ತೆಂಟು ದಿನಕ್ಕೆ ತಿರುಗಿಸಿ ಚಾಕುವಿನಿಂದ ಪಟ್ಟಿ ಕೊಯ್ದು ಇಕ್ಕಳದಲ್ಲಿ ಎಳೆದೆವು. ಶುಭ್ರವಾದದ್ದು ಬಲವಾಗಿ ಎಳೆದರೂ ಅಂಟು ನೂಲುನೂಲಾಗಿ ಕಾಂಕ್ರೀಟಿಗೇ ಕಚ್ಚಿಕೊಂಡಿತ್ತು. ಕೆಸರಿನದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಳಚಿ ಬಂತು. ಎರಡನ್ನೂ ಸೈಟ್ ಆಫೀಸಿನ ಬಾಗಿಲಲ್ಲೇ ಇಟ್ಟೆವು. ಮುಂದಿನ ಹಂತದ ರಾಫ್ಟಿಗೆ ಇಳಿಯುವ ಮೊದಲು ಕಂಬಿ ಕೆಲಸದವರೇ ಗೋಣಿಚೀಲದ ಮೇಲೆ ಬೂಟು ಒರೆಸಿಕೊಳ್ಳತೊಡಗಿದರು.

ಕೊನೆಯ ತಪಾಸಣೆ ಪಂಪ್ ನಿಲ್ಲಿಸಿದ ಮೇಲೆ. ನೀರು ಒಮ್ಮೆಲೇ ಏರದಂತೆ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಿ. ಅಲ್ಲಿವರೆಗೆ ನೆಲಕ್ಕೆ ಟೈಲ್ಸಾಗಲಿ ಪೇಂಟಾಗಲಿ ಬೇಡ, ಬರಿ ಕಾಂಕ್ರೀಟ್ ಕಾಣುತ್ತಿರಲಿ. ಬೆಳಿಗ್ಗೆ ಹೊತ್ತು ನಡೆದು, ಒದ್ದೆ ಕಂಡ ಕಡೆ ಸೀಮೆಸುಣ್ಣದಲ್ಲಿ ಸುತ್ತು ಗೆರೆ ಎಳೆದು ತಾರೀಕು ಬರೆಯಿರಿ. ಮರುದಿನ ಒದ್ದೆ ಗೆರೆ ದಾಟಿದ್ದರೆ ಅದು ಸೋರಿಕೆ, ಒಳಗೇ ಕುಗ್ಗಿದ್ದರೆ ಕ್ಯೂರಿಂಗ್ ನೀರು. ನಮ್ಮ ಎರಡನೇ ಸೈಟಿನಲ್ಲಿ ಗೆರೆ ದಾಟಿದ್ದು ಒಂದೇ, ರಾಫ್ಟಿನ ಒಂದು ಬಿರುಕಿನ ಮೇಲೆ, ಅಂಗೈ ಅಗಲ. ಅಲ್ಲೇ ಎರಡು ರಂಧ್ರ ಕೊರೆದು ಪಾಲಿಯುರೆಥೇನ್ ಗ್ರೌಟ್ ಹೊಡೆದೆವು. ಮುಂದಿನ ಮಳೆಗಾಲ ಪೂರ್ತಿ ಅದರ ಸುತ್ತ ನೋಡಿದೆವು, ನೀರು ಬೇರೆಲ್ಲೂ ಏಳಲಿಲ್ಲ.